ಮೇಡಂ ಮುಖದ ಮೇಲೆ ನಿಲ್ಲದ ಬೆಳಕು

ಶೃಂಗೇರಿಯಿಂದ ಕೊಪ್ಪಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ಹನ್ನೊಂದು ವರ್ಷ ನಾನೂ ಕನ್ನಡ ಮೇಡಮ್ಮೂ ಒಂದೇ ಸೀಟಿನಲ್ಲಿ ಕೂತು ಹೋಗಿ ಬಂದವರು. ಅವರು ಪಿಯು ಕಾಲೇಜಿನಲ್ಲಿ ಕನ್ನಡ ಉಪನ್ಯಾಸಕಿ, ನಾನು ಅಲ್ಲೇ ಭೌತಶಾಸ್ತ್ರ ಹೇಳುವವಳು. ನನಗಿಂತ ಹದಿನೈದು ವರ್ಷ ದೊಡ್ಡವರು. ಬಸ್ಸಿನಲ್ಲಿ ಅವರು ಮಾತಾಡುತ್ತಿದ್ದರು, ನಾನು ಕೇಳುತ್ತಿದ್ದೆ. ಹಿಂದಿನ ಸೀಟಿನವರೂ ಕೇಳಿಸಿಕೊಳ್ಳುತ್ತಿದ್ದರು. ಅಂಥ ಗಂಟಲು ಅವರದು.

ಆ ಗಂಟಲು ಮಳೆಗಾಲ ಮುಗಿಯುವ ಹೊತ್ತಿಗೆ ಒಡೆಯತೊಡಗಿತು. ಶೀತ ಅಂದುಕೊಂಡೆವು. ಕಷಾಯ, ಕಲ್ಲುಸಕ್ಕರೆ, ಜೇನು ಎಲ್ಲ ಆಯಿತು. ದೀಪಾವಳಿ ಕಳೆದ ಮೇಲೆ ಕರಾವಳಿಯ ದೊಡ್ಡ ಆಸ್ಪತ್ರೆಗೆ ಹೋಗಿ ಬಂದವರು, ಮರುದಿನ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದರು:

"ಧ್ವನಿಪೆಟ್ಟಿಗೆ ಪೂರ್ತಿ ತೆಗೀಬೇಕಂತೆ ಮಾರಾಯ್ತಿ. ಬೇರೆ ದಾರಿ ಇಲ್ಲಂತೆ."

ಕೊಪ್ಪ ಬರುವವರೆಗೆ ಅವರ ಬ್ಯಾಗನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ.

ಆಪರೇಷನ್ನಿಗೆ ಇನ್ನು ಇಪ್ಪತ್ತು ದಿನ ಇತ್ತು. ಮೇಡಂ ರಜೆ ಹಾಕಿದರು. ಮೂರನೇ ದಿನ ಫೋನ್ ಮಾಡಿ ಮನೆಗೆ ಬರಲು ಹೇಳಿದರು. ಅವರ ಮನೆ ನಮ್ಮ ಮನೆಯಿಂದ ಎರಡೇ ಬೀದಿ ಆಚೆ. ಹೋದರೆ, ಮುಂದಿನ ಕೋಣೆಯ ಮೇಜಿನ ತುಂಬ ಬಿಳಿ ರಟ್ಟಿನ ಚೌಕಗಳು. ಒಂದೊಂದರ ಮೇಲೂ ದಪ್ಪ ಕಪ್ಪು ಶಾಯಿಯಲ್ಲಿ ಒಂದೊಂದು ಅಕ್ಷರ.

"ಏಳು ಪಾಠ ಹೇಳ್ತೀನಿ, ನಿನ್ನ ಫೋನಲ್ಲಿ ತೆಗೆದುಕೊಡು" ಅಂದರು. "ದಿನಾ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚಿಗೆ ಆಗೂದಿಲ್ಲ. ಆಮೇಲೆ ಗಂಟಲು ಕಟ್ತದೆ."

ಅವು ಶನಿವಾರ ಮಧ್ಯಾಹ್ನ ತರಗತಿ ಮುಗಿದ ಮೇಲೆ ಅವರು ಹೇಳುತ್ತಿದ್ದ ಪಾಠಗಳು. ಪಠ್ಯದಲ್ಲಿ ಇದ್ದದ್ದಲ್ಲ, ಅಂಕಕ್ಕೆ ಬರುವುದಲ್ಲ. ಹಳಗನ್ನಡವನ್ನು ಬಾಯಿಬಿಟ್ಟು ಓದುವುದು ಹೇಗೆ ಅಂತ. ಹತ್ತು ಹನ್ನೆರಡು ಮಕ್ಕಳು ಕೂರುತ್ತಿದ್ದರು, ಅಷ್ಟೇ. ಕನ್ನಡದಿಂದ ಬಿದ್ದುಹೋದ ಎರಡು ಅಕ್ಷರಗಳ ಮೇಲೆ ಅವರಿಗೆ ಬಹಳ ಪ್ರೀತಿ: ಱ ಮತ್ತು ೞ. ಅರಿ ಅಂದರೆ ಕತ್ತರಿಸು, ಅಱಿ ಅಂದರೆ ತಿಳಿ. ಬಾಳ್ ಅಂದರೆ ಕತ್ತಿ, ಬಾೞ್ ಅಂದರೆ ಬದುಕು. ಈಗ ನಾವು ಎರಡನ್ನೂ ಒಂದೇ ಥರ ಹೇಳುತ್ತೇವೆ. ಮೇಡಂ ಬೇರೆ ಬೇರೆ ಹೇಳುತ್ತಿದ್ದರು. ಹೇಳುವಾಗ ಬಾಯಿ ಅಗಲ ತೆರೆದು, ನಾಲಿಗೆ ಎಲ್ಲಿಗೆ ಹೋಗುತ್ತದೆ ಎಂದು ತೋರಿಸುತ್ತಿದ್ದರು.

"ಕೇಳಿದರೆ ಸಾಲದು, ನೋಡಬೇಕು" ಅನ್ನುತ್ತಿದ್ದರು. ಅದಕ್ಕೇ ಬರೀ ಧ್ವನಿ ಮುದ್ರಣ ಸಾಕಾಗುತ್ತಿರಲಿಲ್ಲ, ವಿಡಿಯೋ ಬೇಕಿತ್ತು.

ನಾನು ಒಪ್ಪಿಕೊಂಡೆ. ಮಸೂರದ ಪಾಠ, ಬೆಳಕಿನ ಪಾಠ ವರ್ಷ ವರ್ಷ ಹೇಳುವವಳು. ಒಂದು ಫೋನಿನಲ್ಲಿ ವಿಡಿಯೋ ತೆಗೆಯುವುದೇನು ದೊಡ್ಡದು ಅಂದುಕೊಂಡೆ. ಕಾಲೇಜಿನ ಸ್ಟ್ಯಾಂಡ್ ತಂದೆ. ಕಾಲರ್ ಮೈಕ್ ಒಂದನ್ನು ತರಿಸಿದೆ. ಮೇಡಮ್ಮಿನ ಕುರ್ಚಿಯನ್ನು ಮರದ ಬೀರುವಿನ ಮುಂದೆ ಹಾಕಿದೆ, ಅವರ ಎಡಕ್ಕೆ ಕಿಟಕಿ. ಬೆಳಿಗ್ಗೆ ಏಳೂವರೆಗೆ, ಬಸ್ಸಿಗೆ ಮೊದಲು, ಮೂರು ದಿನ ಮೂರು ಪಾಠ ತೆಗೆದೆವು. ಅವರು ಬಿಳಿ ಕಾಟನ್ ಸೀರೆ ಉಟ್ಟಿದ್ದರು, ಕ್ಯಾಮೆರಾಕ್ಕೆ ಒಪ್ಪುತ್ತದೆ ಎಂದು ನಾನೇ ಹೇಳಿದ್ದು. ನಾನು ಸ್ಕ್ರೀನ್ ನೋಡಲಿಲ್ಲ, ಅವರನ್ನೇ ನೋಡುತ್ತ ಕೂತೆ. ಬ್ಯಾಟರಿ ಉಳಿಯಲಿ ಎಂದು ಸ್ಕ್ರೀನಿನ ಬೆಳಕನ್ನು ಪೂರ್ತಿ ತಗ್ಗಿಸಿಟ್ಟಿದ್ದೆ. ಪಾಠ ಮುಗಿದ ಮೇಲೆ ಮೊದಲ ಅರ್ಧ ನಿಮಿಷ ಹಾಕಿ, ಧ್ವನಿ ಬಂದಿದೆಯಾ ಎಂದು ಕೇಳಿ, ಬಸ್ಸಿಗೆ ಓಡುತ್ತಿದ್ದೆ.

ಮೂರನೇ ಪಾಠ ಆ ಎರಡು ಅಕ್ಷರಗಳದ್ದು. ಆವತ್ತು ಕೊನೆಯಲ್ಲಿ ಅವರ ಗಂಟಲು ಕಟ್ಟಿ ಕಣ್ಣಲ್ಲಿ ನೀರು ಬಂದಿತ್ತು. ಆದರೂ ಮುಗಿಸಿದರು.

ಆ ಮಧ್ಯಾಹ್ನ ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ಮೂರನ್ನೂ ದೊಡ್ಡ ಪರದೆಯ ಮೇಲೆ ಹಾಕಿದೆ.

ಮೊದಲ ನಿಮಿಷ ಚೆನ್ನಾಗಿತ್ತು. ಆಮೇಲೆ ಮೇಡಂ ಒಂದು ಬಿಳಿ ರಟ್ಟನ್ನು ಎತ್ತಿ ಹಿಡಿದರು. ಅವರ ಮುಖ ಕಪ್ಪಾಯಿತು. ರಟ್ಟು ಇಳಿಸಿದರು, ಮುಖ ನಿಧಾನ ಬೆಳಗಿತು. ಸೆರಗು ಸರಿಮಾಡಲು ಕೈ ಎತ್ತಿದರು, ಮತ್ತೆ ಕಪ್ಪು. ಯಾರೋ ಪಕ್ಕದಲ್ಲಿ ನಿಂತು ದೀಪದ ಬತ್ತಿಯನ್ನು ಏರಿಸಿ ಇಳಿಸಿ ಮಾಡುತ್ತಿದ್ದ ಹಾಗೆ. ಸಾಲದ್ದಕ್ಕೆ ರಟ್ಟು ಫೋನಿನ ಕಡೆ ಚಾಚಿದಾಗೆಲ್ಲ ಫೋಕಸ್ ರಟ್ಟಿಗೆ ಹೋಗಿ, ಹಿಂದಿನ ಮುಖ ಮಸುಕಾಗುತ್ತಿತ್ತು. ರಟ್ಟು ಇಳಿಸಿ ಅವರು ಬಾಯಿ ತೆರೆದು ನಾಲಿಗೆ ತೋರಿಸುವ ಹೊತ್ತಿಗೆ ಸರಿಯಾಗಿ ಫೋಕಸ್ ಹಿಂದೆ ಮುಂದೆ ತಡಕಾಡುತ್ತಿತ್ತು. ಅದು ಮುಖವನ್ನು ಹಿಡಿಯುವಷ್ಟರಲ್ಲಿ ಅವರು ಬಾಯಿ ಮುಚ್ಚಿ ಆಗಿರುತ್ತಿತ್ತು.

ಯಾಕೆ ಹೀಗಾಯಿತು ಎಂದು ಗೊತ್ತಾಗಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಫೋನು ತನ್ನಷ್ಟಕ್ಕೆ ಬಿಟ್ಟರೆ ಚೌಕಟ್ಟಿನಲ್ಲಿ ಒಟ್ಟು ಎಷ್ಟು ಬೆಳಕಿದೆ ಎಂದು ಕ್ಷಣಕ್ಷಣವೂ ಅಳೆಯುತ್ತಿರುತ್ತದೆ. ಬಿಳಿ ಬಂದರೆ ಬೆಳಕು ಹೆಚ್ಚಾಯಿತು ಎಂದು ಎಲ್ಲವನ್ನೂ ತಗ್ಗಿಸುತ್ತದೆ, ಬಿಳಿ ಹೋದರೆ ಎಲ್ಲವನ್ನೂ ಏರಿಸುತ್ತದೆ. ಬಿಳಿ ಸೀರೆ, ಬಿಳಿ ರಟ್ಟು, ಹಿಂದೆ ಕಪ್ಪು ಬೀರು. ಇದಕ್ಕಿಂತ ಕೆಟ್ಟ ಜೋಡಣೆಯನ್ನು ಬೇಕೆಂದೇ ಮಾಡಲೂ ಆಗುತ್ತಿರಲಿಲ್ಲ. ಕಾರಣ ಗೊತ್ತಾಯಿತು, ನಿಜ. ಅದನ್ನು ಮೂರು ದಿನ ಮೊದಲು ಯೋಚಿಸಬೇಕಾಗಿತ್ತು.

ಸಂಜೆ ಅವರ ಮನೆಗೆ ಹೋದೆ. ಲ್ಯಾಪ್‌ಟಾಪಿನಲ್ಲಿ ಎರಡು ನಿಮಿಷ ತೋರಿಸಿದೆ. ಮೇಡಂ ತಮ್ಮ ಮುಖ ಹೋಗುವುದನ್ನೂ ಬರುವುದನ್ನೂ ನೋಡಿದರು.

"ಮೂರೂ ಹೀಗೇನಾ?"

"ಮೂರೂ ಮೇಡಂ."

"ಫಿಸಿಕ್ಸ್ ಮೇಷ್ಟ್ರಮ್ಮ" ಅಂದು ಸ್ವಲ್ಪ ನಕ್ಕರು. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಬಹಳ ಹೊತ್ತು ರಟ್ಟುಗಳನ್ನು ಜೋಡಿಸುತ್ತ ಕೂತರು. "ಉಳಿದ ನಾಲ್ಕು ಬಿಡುವ. ಮೊದಲಿನ ಎರಡೂ ಇರಲಿ, ಕೇಳ್ಳಿಕ್ಕೆ ಆಗ್ತದಲ್ಲ. ಮೂರನೇದು ಒಂದು ಸರಿ ಮಾಡು. ಅದರಲ್ಲಿ ಬಾಯಿ ಕಾಣಬೇಕು. ಅದೊಂದು ಸಾಕು."

ಏಳು ಪಾಠ ಒಂದಕ್ಕೆ ಇಳಿಯಿತು. ಇಳಿಸಿದವಳು ನಾನು.

ಮರುದಿನ ಕಾಲೇಜು ಮುಗಿಸಿ ಶೃಂಗೇರಿಯ ಬಸ್ಸು ಹತ್ತದೆ ನರಸಿಂಹರಾಜಪುರದ ಬಸ್ಸು ಹತ್ತಿದೆ. ಅಲ್ಲಿ ಒಂದು ಫೋಟೋ ಸ್ಟುಡಿಯೋ ಇದೆ, ನಡೆಸುವವರು ಒಬ್ಬ ಹೆಂಗಸು. ನನ್ನ ತಂಗಿಯ ಮದುವೆಯ ವಿಡಿಯೋ ತೆಗೆದವರು. ಅವರಿಗೆ ಫೈಲು ತೋರಿಸಿ, ಇದನ್ನು ಸರಿಮಾಡಲು ಬರುತ್ತದಾ ಕೇಳಿದೆ. ಅವರು ಕಂಪ್ಯೂಟರಿನಲ್ಲಿ ಹಾಕಿ ಅರ್ಧ ಗಂಟೆ ಒದ್ದಾಡಿದರು.

"ಕಪ್ಪಾದ ಕಡೆ ಒಂಚೂರು ಎತ್ತಬಹುದು ಟೀಚರೇ, ಆದರೆ ಮುಖದಲ್ಲಿ ಪೂರ್ತಿ ಕಾಳು ಕಾಳು ಬರ್ತದೆ ನೋಡಿ. ಫೋಕಸ್ ಹೋಗಿರೂದಕ್ಕಂತೂ ಎಂತ ಮಾಡಕ್ಕೂ ಆಗಲ್ಲ. ಮತ್ತೆ ತೆಗೀರಿ. ಫೋನ್ ಕೊಡಿ ಇಲ್ಲಿ."

ಅವರು ಗೋಡೆಗೆ ಒರಗಿಸಿಟ್ಟಿದ್ದ ಬಣ್ಣದ ಪರದೆಯ ಮುಂದೆ ನನ್ನನ್ನೇ ಕೂರಿಸಿ ತೋರಿಸಿಕೊಟ್ಟರು. ರೆಕಾರ್ಡ್ ಒತ್ತುವ ಮೊದಲೇ ಸ್ಕ್ರೀನಿನ ಮೇಲೆ ಮುಖದ ಮೇಲೆ ಬೆರಳು ಒತ್ತಿ ಹಿಡಿಯಬೇಕು. ಬೀಗದ ಗುರುತು ಬರುವವರೆಗೆ ತೆಗೆಯಬಾರದು. ಅದು ಬಂದರೆ ಎಕ್ಸ್‌ಪೋಷರ್ ಅನ್ನುವ ಬೆಳಕಿನ ಅಳತೆ, ಫೋಕಸ್ ಎರಡೂ ಅಲ್ಲಿಗೇ ನಿಂತ ಹಾಗೆ. ಪಕ್ಕದಲ್ಲಿ ಸೂರ್ಯನ ಚಿತ್ರ ಇರುತ್ತದೆ, ಅದನ್ನು ಒಂದಿಷ್ಟು ಕೆಳಗೆ ಎಳೆಯಬೇಕು, ಹಣೆ ಬೆಳ್ಳಗಾಗದ ಹಾಗೆ.

"ಲಾಕ್ ಆಯ್ತಾ ಇಲ್ವಾ ಅಂತ ಗೊತ್ತಾಗೂದು ಹೇಗೆ ಅಂದ್ರೆ" ಎಂದು ಒಂದು ಬಿಳಿ ಟವೆಲ್ ತೆಗೆದು ನನ್ನ ಮುಖದ ಪಕ್ಕ ಹಿಡಿದರು. "ಈಗ ನೋಡಿ, ಮುಖ ಕಪ್ಪಾಯ್ತಾ? ಇಲ್ಲ ಅಲ್ವಾ? ಹಾಗಾದ್ರೆ ಲಾಕ್ ಆಯ್ತು. ಇನ್ನು ಸ್ಕ್ರೀನ್ ಮುಟ್ಟಬೇಡಿ, ಬೇರೆ ಕಡೆ ಬೆರಳು ತಾಗಿದ್ರೆ ಲಾಕ್ ಬಿಟ್ಟುಹೋಗ್ತದೆ. ಏರೋಪ್ಲೇನ್ ಮೋಡ್ ಹಾಕಿ, ಕರೆ ಬಂದ್ರೆ ಕಥೆ ಮುಗೀತು. ಅವರು ಕುರ್ಚಿ ಹಿಂದೆ ಮುಂದೆ ಮಾಡಬಾರ್ದು, ಫೋಕಸ್ ಅವರ ಹಿಂದೆ ಹೋಗೂದಿಲ್ಲ. ರಟ್ಟು ಮುಖದ ಪಕ್ಕಕ್ಕೇ ಹಿಡೀಲಿ, ಮುಂದೆ ಚಾಚೂದು ಬೇಡ. ಸೀರೆ ಬಿಳಿ ಬೇಡ."

ನಾನು ಬರೆದುಕೊಂಡೆ. ಅವರು ಇನ್ನೂ ಒಂದು ಮಾತು ಹೇಳಿದ್ದರು. "ಕಿಟಕಿ ಬೆಳಕು ನಂಬಬೇಡಿ ಟೀಚರೇ. ಲಾಕ್ ಮಾಡಿದ್ಮೇಲೆ ಹೊರಗೆ ಬೆಳಕು ಬದಲಾದ್ರೆ ಫೋನ್ ಸುಮ್ನೆ ನೋಡ್ತಾ ಕೂರ್ತದೆ. ಒಂದು ಬಲ್ಬ್ ಇಟ್ಕೊಂಡು ಕಿಟಕಿ ಮುಚ್ಚಿಬಿಡಿ." ಅದನ್ನೂ ಬರೆದುಕೊಂಡಿದ್ದೆ. ಚೀಟಿ ಇನ್ನೂ ಇದೆ, ಸ್ಪಷ್ಟ ಅಕ್ಷರದಲ್ಲೇ ಇದೆ.

ಆಮೇಲೆ ಕೆಲವು ದಿನ ಮೇಡಮ್ಮಿಗೆ ಮಾತೇ ಬರಲಿಲ್ಲ. ಪಿಸುಗುಟ್ಟುತ್ತಿದ್ದರು. ಗಂಜಿ ನುಂಗುವುದೂ ಕಷ್ಟವಾಗಿತ್ತು. ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಅವರ ಗಂಡ ಫೋನ್ ಮಾಡಿದರು: "ಇವತ್ತು ಧ್ವನಿ ಸ್ವಲ್ಪ ತೆರೆದಿದೆ, ಈಗಲೇ ಬನ್ನಿ ಅಂತಿದ್ದಾಳೆ."

ಓಡಿದೆ. ಧ್ವನಿ ಇರುವಾಗಲೇ ಮುಗಿಸಬೇಕೆಂಬ ಅವಸರ ಒಂದೇ ತಲೆಯಲ್ಲಿ. ಮೇಡಂ ಹಸಿರು ಸೀರೆ ಉಟ್ಟು ಕುರ್ಚಿಯಲ್ಲಿ ಕೂತಾಗಿತ್ತು. ಫೋನ್ ನಿಲ್ಲಿಸಿದೆ, ಮುಖದ ಮೇಲೆ ಒತ್ತಿ ಹಿಡಿದೆ, ಬೀಗ ಬಂತು, ಟವೆಲ್ ಹಿಡಿದು ನೋಡಿದೆ. ಮುಖ ಅಲುಗಲಿಲ್ಲ. ಕಿಟಕಿಯ ಆಚೆ ದಟ್ಟ ಮಂಜು. ಮಂಜಿನ ಬೆಳಕು ಎಷ್ಟು ಹದವಾಗಿತ್ತು ಎಂದರೆ, ಬಲ್ಬು ಹುಡುಕಿ, ಕಿಟಕಿ ಮುಚ್ಚಿ, ಮತ್ತೆ ಎಲ್ಲ ಸರಿಮಾಡುವಷ್ಟರಲ್ಲಿ ಹತ್ತು ನಿಮಿಷ ಹೋಗುತ್ತದೆ, ಇರಲಿ ಬಿಡು ಅಂದುಕೊಂಡೆ.

ಮೇಡಂ ಶುರುಮಾಡಿದರು. ಒಡಕು ಧ್ವನಿ, ಆದರೆ ಅವರದೇ ಧ್ವನಿ. ಮೊದಲ ಎಂಟು ನಿಮಿಷ ಶಕಟರೇಫ ಎನ್ನುವ ಱ. ರಟ್ಟನ್ನು ಕೆನ್ನೆಯ ಪಕ್ಕ ಹಿಡಿದರು. ಚಿತ್ರ ಅಲ್ಲಾಡಲಿಲ್ಲ. ಈ ಸಲ ಸ್ಕ್ರೀನಿನಿಂದ ಕಣ್ಣು ತೆಗೆಯಲಿಲ್ಲ ನಾನು. ಹಲ್ಲಿನ ಹಿಂದೆ ನಾಲಿಗೆ ಅದುರುವುದು ಕೂಡ ಕಾಣುತ್ತಿತ್ತು.

ಆಮೇಲೆ ೞ. "ನಾಲಿಗೆ ಹಿಂದಕ್ಕೆ ಮಡಚಿ" ಅಂದರು. "ಮಡಚಿ, ಅಂಗುಳಕ್ಕೆ ಮುಟ್ಟಿಸಬೇಡಿ. ಮುಟ್ಟಿತೋ, ಅದು ಳ ಆಯ್ತು."

ಅಷ್ಟು ಹೊತ್ತಿಗೆ ಅವರ ಎಡಗೆನ್ನೆ ಬೆಳ್ಳಗಾಗತೊಡಗಿತು. ಮೊದಲು ಗೊತ್ತಾಗಲಿಲ್ಲ. ಕಿಟಕಿ ಕಡೆ ನೋಡಿದೆ. ಎದುರು ಮನೆಯ ಹಂಚು ಕಾಣುತ್ತಿತ್ತು, ಮಂಜು ಹರಿಯುತ್ತಿತ್ತು. ಒಂದೇ ನಿಮಿಷದಲ್ಲಿ ಬಿಸಿಲು ನೇರ ಅವರ ಮುಖದ ಮೇಲೆ ಬಿತ್ತು. ಮಂಜಿನ ಮಬ್ಬಿಗೆಂದು ಬೀಗ ಹಾಕಿ ನಿಲ್ಲಿಸಿದ ಫೋನು ಕಣ್ಣು ಕಿರಿದು ಮಾಡಲೇ ಇಲ್ಲ. ಸ್ಕ್ರೀನಿನಲ್ಲಿ ಕೆನ್ನೆ ಹೋಯಿತು, ಮೂಗು ಹೋಯಿತು, ತುಟಿಯ ಅಂಚು ಹೋಯಿತು. ಹಸಿರು ಸೀರೆಯ ಮೇಲೆ ಒಂದು ಬಿಳಿ ಕಲೆ, ಅದರಲ್ಲಿ ಎರಡು ಕಣ್ಣಿನ ನೆರಳು.

ನಾನು ಕೈ ಎತ್ತಿ ನಿಲ್ಲಿಸಿ ಅನ್ನಬಹುದಿತ್ತು. ಎದ್ದು ಕಿಟಕಿ ಮುಚ್ಚಬಹುದಿತ್ತು. ಸ್ಕ್ರೀನ್ ಮುಟ್ಟಿದ್ದರೂ ಆಗುತ್ತಿತ್ತು. ಲಾಕ್ ಬಿಟ್ಟು ಬೆಳಕು ಒಮ್ಮೆ ಜಿಗಿದು ಸರಿಯಾಗುತ್ತಿತ್ತು, ಆಮೇಲೆ ಏರಿಳಿದರೆ ಇಳಿಯಲಿ. ಇದೆಲ್ಲ ಗೊತ್ತಿತ್ತು. ಆದರೆ ಅವರು ಕಣ್ಣು ಅರೆಮುಚ್ಚಿ, ಶನಿವಾರದ ತರಗತಿಯಲ್ಲಿ ಇದ್ದ ಹಾಗೆ ಹೇಳುತ್ತಿದ್ದರು. ನಾನು ನಿಲ್ಲಿಸಿದರೆ ಆ ಧ್ವನಿ ಮತ್ತೆ ಬರುತ್ತದೋ ಇಲ್ಲವೋ. ನಿಲ್ಲಿಸಲು ಬಾಯಿ ಬರಲಿಲ್ಲ. ಈಗ ಮೋಡ ಬರುತ್ತದೆ, ಈಗ ಬರುತ್ತದೆ ಎಂದು ಕಿಟಕಿಯನ್ನೇ ನೋಡುತ್ತ ಒಂಬತ್ತು ನಿಮಿಷ ಕಳೆದೆ. ಬಾಳ್, ಬಾೞ್. ಬಾಳ್, ಬಾೞ್. ಆರು ಸಲ ಹೇಳಿದರು. ಆರೂ ಸಲ ಬಾಯಿ ತೆರೆದು ತೋರಿಸಿದರು.

ಮುಗಿದ ಮೇಲೆ ಕೈಯಲ್ಲೇ ಕೇಳಿದರು: ಹೇಗೆ ಬಂತು?

"ಚೆನ್ನಾಗಿ ಬಂತು ಮೇಡಂ" ಅಂದೆ.

ಈ ಸುಳ್ಳನ್ನು ಯಾಕೆ ಹೇಳಿದೆ ಎಂದು ನನಗೆ ಇವತ್ತಿಗೂ ತಿಳಿದಿಲ್ಲ. ಅವರ ಗಂಡ ಬಿಸಿನೀರು ತಂದು ಕೊಡುತ್ತಿದ್ದರು, ಅವರು ಬಹಳ ದಿನಗಳ ಮೇಲೆ ಹಗುರಾಗಿ ಕೂತಿದ್ದರು, ಆಗ ಅದು ಬಾಯಿಂದ ಬಂತು, ಅಷ್ಟೇ. ಫೈಲನ್ನು ಸ್ಟುಡಿಯೋದವರಿಗೆ ಕಳಿಸಿದೆ. ಅವರು ಫೋನ್ ಮಾಡಿ, "ಕಪ್ಪಾಗಿದ್ರೆ ಏನಾದ್ರೂ ಹುಡುಕಬಹುದಿತ್ತು ಟೀಚರೇ. ಸುಟ್ಟು ಬೆಳ್ಳಗಾದ್ರೆ ಅಲ್ಲಿ ಎಂತದೂ ಇರೂದಿಲ್ಲ" ಅಂದರು.

ಎರಡು ದಿನ ಬಿಟ್ಟು ಹೋಗಿ ಸತ್ಯ ಹೇಳಿದೆ. ಮೇಡಂ ನನ್ನನ್ನು ನೋಡಿದರು. ಎದ್ದು ಒಳಗೆ ಹೋಗಿ ಒಂದು ದಪ್ಪ ಬೆಡ್‌ಶೀಟ್ ತಂದು ನನ್ನ ಕೈಗೆ ಕೊಟ್ಟರು.

ಅದನ್ನು ಕಿಟಕಿಗೆ ಮೊಳೆ ಹೊಡೆದು ಕಟ್ಟಿದೆ. ಅವರ ಗಂಡ ಒಂದು ಬಲ್ಬು ಹಿಡಿದು ಎಲ್ಲಿ ಬೇಕು ಎಲ್ಲಿ ಬೇಕು ಎಂದು ಕೇಳುತ್ತ ಕೋಣೆ ತುಂಬ ಓಡಾಡಿದರು. ಕುರ್ಚಿಯ ಕಾಲಿನ ಕೆಳಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಲಾಕ್ ಮಾಡಿದೆ. ಟವೆಲ್ ಹಿಡಿದೆ. ಬಿಳಿ ರಟ್ಟು ಹಿಡಿದೆ. ಬಾಗಿಲು ಮುಚ್ಚಿ ತೆರೆದು ನೋಡಿದೆ. ಏನೇ ಮಾಡಿದರೂ ಆ ಚೌಕಟ್ಟಿನೊಳಗಿನ ಬೆಳಕು ಒಂದೆಳೆಯೂ ಕದಲಲಿಲ್ಲ. ನಾನು ತೆಗೆದ ಚಿತ್ರಗಳಲ್ಲೆಲ್ಲ ಅದೇ ಒಳ್ಳೆಯದು. ಅವರ ಕೆನ್ನೆಯ ಸಣ್ಣ ನರ ಕೂಡ ಕಾಣುತ್ತದೆ.

ಧ್ವನಿ ಬರಲಿಲ್ಲ. ಮೂರು ಬೆಳಿಗ್ಗೆ ಕಾದೆವು. ಮೂರನೇ ಬೆಳಿಗ್ಗೆ, ಆಸ್ಪತ್ರೆಗೆ ಹೊರಡುವ ಹಿಂದಿನ ದಿನ, ಮೇಡಂ ಕೈಸನ್ನೆ ಮಾಡಿ ರೆಕಾರ್ಡ್ ಒತ್ತಿಸಿದರು. ೞ ಬರೆದ ರಟ್ಟನ್ನು ಕೆನ್ನೆಯ ಪಕ್ಕ ಹಿಡಿದರು. ಬಾಯಿ ತೆರೆದರು. ನಾಲಿಗೆ ಹಿಂದಕ್ಕೆ ಮಡಚಿತು, ಅಂಗುಳಕ್ಕೆ ಮುಟ್ಟದೆ ನಿಂತಿತು. ಗಾಳಿ ಬಂತು. ಕಾಲರ್ ಮೈಕಿನಲ್ಲಿ ಆ ಗಾಳಿಯ ಸದ್ದು ಮಾತ್ರ ಇದೆ. ನಾಲ್ಕು ಸಲ ಪ್ರಯತ್ನಪಟ್ಟರು. ಆಮೇಲೆ ರಟ್ಟನ್ನು ಮಡಿಲಲ್ಲಿಟ್ಟು, ಸಾಕು ಎಂದು ತಲೆಯಾಡಿಸಿದರು. ಎರಡು ನಿಮಿಷ ಹತ್ತು ಸೆಕೆಂಡಿನ ವಿಡಿಯೋ ಅದು. ಬಾಯಿ ಕಾಣುವುದರಲ್ಲಿ ಧ್ವನಿ ಇಲ್ಲ, ಧ್ವನಿ ಇರುವುದರಲ್ಲಿ ಬಾಯಿ ಇಲ್ಲ. ಎರಡನ್ನೂ ಸೇರಿಸಿ ನೋಡೋಣ ಎಂದು ಸ್ಟುಡಿಯೋದವರು ಒಂದು ದಿನವಿಡೀ ಕೂತರು. ಆ ಧ್ವನಿ ಆ ತುಟಿಗೆ ಕೂರಲಿಲ್ಲ. ಯಾರೋ ಬೇರೆಯವರು ಮಾತಾಡಿದ ಹಾಗೆ ಕಾಣುತ್ತಿತ್ತು. ನಾನೇ ಬೇಡ ಅಂದೆ.

ಆಪರೇಷನ್ ಆಯಿತು. ಜೀವಕ್ಕೆ ತೊಂದರೆ ಇಲ್ಲ ಅಂದರು. ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ, ಬಸ್ಸಿಗೆ ಮೊದಲು ನೋಡಲು ಹೋದೆ. ಕುತ್ತಿಗೆಯ ತೂತಿನ ಮೇಲೆ ತೆಳು ಬಟ್ಟೆ ಕಟ್ಟಿಕೊಂಡಿದ್ದರು. ಪಕ್ಕದಲ್ಲಿ ಒಂದು ನೋಟ್‌ಬುಕ್ಕು, ಪೆನ್ನು. ಅವರ ಅಕ್ಷರ ಮೊದಲಿನಷ್ಟೇ ದುಂಡಗೆ. ಕಾಲೇಜಿನ ಸುದ್ದಿ ಕೇಳಿದರು, ಬರೆದು. ಶನಿವಾರದ ತರಗತಿ ಈಗ ಇಲ್ಲ ಎಂದು ಹೇಳಿದೆ. ಅವರ ಜಾಗಕ್ಕೆ ಬಂದ ಅತಿಥಿ ಉಪನ್ಯಾಸಕರಿಗೆ ಫೈಲುಗಳನ್ನು ಕೊಟ್ಟಿದ್ದೆ. ಅವರು ಒಳ್ಳೆಯವರು, ನೋಡಿದರು, ಮಕ್ಕಳಿಗೆ ಹತ್ತು ನಿಮಿಷ ತೋರಿಸಿದರು. ಬೆಳಕು ಹೋಗಿ ಬಂದು ಮಾಡುವುದಕ್ಕೆ ಮಕ್ಕಳಿಗೆ ತಲೆನೋವು ಬಂತಂತೆ. ಇದನ್ನು ಮಾತ್ರ ನಾನು ಮೇಡಮ್ಮಿಗೆ ಹೇಳಲಿಲ್ಲ.

ಹೊರಡುವಾಗ ಅವರು ಕೈ ಹಿಡಿದು ಕೂರಿಸಿ, ನೋಟ್‌ಬುಕ್ಕಿನಲ್ಲಿ ನಿಧಾನವಾಗಿ ಬರೆದು ನನ್ನ ಕಡೆ ತಿರುಗಿಸಿದರು.

"ಆ ಭಾನುವಾರ ಬಿಸಿಲು ಬಿದ್ದದ್ದು ನನಗೂ ಗೊತ್ತಾಗಿತ್ತು. ಮುಖ ಸುಡ್ತಿತ್ತು. ನೀನು ನೋಡಿಕೊಳ್ತಿದ್ದೀ ಅಂತ ಹೇಳ್ತಾ ಹೋದೆ. ನಿಲ್ಲಿಸಬೇಕಿತ್ತು ಮಾರಾಯ್ತಿ. ಆವತ್ತು ಇನ್ನೊಂದು ಸಲ ಹೇಳುವಷ್ಟು ಧ್ವನಿ ಇತ್ತು."

ಹೌದು ಮೇಡಂ ಅಂದೆ. ಅವರು ನೋಟ್‌ಬುಕ್ಕು ಮುಚ್ಚಿದರು, ನನ್ನ ಕೈ ಬಿಡಲಿಲ್ಲ. ಕೊಪ್ಪದ ಬಸ್ಸಿಗೆ ಹೊತ್ತಾಯಿತು ಎಂದು ಅವರ ಗಂಡ ಬಾಗಿಲಲ್ಲಿ ಬಂದು ನೆನಪಿಸಿದರು.